ಹನ್ನೆರಡು ಮಾತ್ರೆಯ ಎರಡು ಮನೆಗಳು: ಧ್ರುಪದ ಮತ್ತು ಖ್ಯಾಲ್

ಚೌತಾಲಕ್ಕೆ ಹನ್ನೆರಡು ಮಾತ್ರೆ. ಏಕತಾಲಕ್ಕೂ ಹನ್ನೆರಡು ಮಾತ್ರೆ. ಎರಡರಲ್ಲಿಯೂ 1, 5, 9 ಮತ್ತು 11ನೆಯ ಮಾತ್ರೆಗಳಿಗೆ ಚಪ್ಪಾಳೆ. 3 ಮತ್ತು 7 ಖಾಲಿ. ಕೈಯಿಂದ ಎಣಿಸುವವನಿಗೆ ಇವೆರಡರಲ್ಲಿ ಭೇದವೇ ತೋರದು. ಆದರೂ ಚೌತಾಲವು ಧ್ರುಪದಕ್ಕೆ ಮೀಸಲಾಯಿತು, ಏಕತಾಲವು ಖ್ಯಾಲಿನದಾಯಿತು. ಇದಕ್ಕೆ ಕಾರಣವೇನೆಂದು ವಿಚಾರಿಸಿದರೆ ಈ ಎರಡು ಗಾಯನ ಪದ್ಧತಿಗಳ ಅಂತರಂಗವೇ ತೆರೆದುಕೊಳ್ಳುತ್ತದೆ.

ಧ್ರುಪದವು ಹಿರಿಯದು. ಗ್ವಾಲಿಯರದ ರಾಜಾ ಮಾನಸಿಂಗ ತೋಮರನ ಆಳ್ವಿಕೆಯಲ್ಲಿ (1486–1516) ಅದು ಪ್ರೌಢಿಮೆಯನ್ನು ಪಡೆಯಿತು. ಖ್ಯಾಲಿಗೆ ಘನತೆ ಬಂದದ್ದು ದಿಲ್ಲಿಯ ಮಹಮ್ಮದ್ ಶಾಹನ ಕಾಲದಲ್ಲಿ (1719–48), ಅವನ ಆಸ್ಥಾನದ ಸದಾರಂಗನ ರಚನೆಗಳಿಂದ.

ಇವುಗಳ ಮುಖ್ಯ ಭೇದ ಆಲಾಪದ ಸ್ಥಾನದಲ್ಲಿದೆ. ಧ್ರುಪದ ಗಾಯಕನು ಮೊದಲು ತಾಳವಿಲ್ಲದೆ, ತಂಬೂರಿಯ ಶ್ರುತಿಯೊಂದನ್ನೇ ಆಧರಿಸಿ, ‘ನೋಂ ತೋಂ’ ಮುಂತಾದ ಅಕ್ಷರಗಳಿಂದ ರಾಗವನ್ನು ವಿಸ್ತರಿಸುತ್ತಾನೆ. ಇದು ಅರ್ಧ ತಾಸು, ಕೆಲವೊಮ್ಮೆ ಒಂದು ತಾಸು ನಡೆಯಬಹುದು. ಅಲ್ಲಿಯವರೆಗೆ ಪಖವಾಜದವನು ಸುಮ್ಮನೆ ಕುಳಿತಿರುತ್ತಾನೆ. ಪದ ಆರಂಭವಾಗುವ ಹೊತ್ತಿಗೆ ರಾಗದ ಚಿತ್ರ ಪೂರ್ಣಗೊಂಡಿರುವುದರಿಂದ ತಾಳದೊಳಗೆ ಗಾಯಕನಿಗೆ ಉಳಿಯುವ ಕೆಲಸ ಲಯದ್ದು, ಮಾತಿನದ್ದು. ಖ್ಯಾಲಿನಲ್ಲಿ ಹಾಗಲ್ಲ. ಗಾಯಕನು ಕೆಲವೇ ನಿಮಿಷ ರಾಗದ ಛಾಯೆಯನ್ನು ತೋರಿಸಿ ಬಂದಿಶನ್ನು ಎತ್ತಿಕೊಳ್ಳುತ್ತಾನೆ. ಆಲಾಪವೆಲ್ಲ ತಾಳದ ಒಳಗೇ ನಡೆಯಬೇಕು.

ಆದ್ದರಿಂದಲೇ ಸಾಹಿತ್ಯವೂ ಬೇರೆಯಾಯಿತು. ಧ್ರುಪದದ ಪದಕ್ಕೆ ಸ್ಥಾಯಿ, ಅಂತರಾ, ಸಂಚಾರಿ, ಆಭೋಗ ಎಂದು ನಾಲ್ಕು ಅಂಗಗಳುಂಟು. ದೇವತಾಸ್ತುತಿ, ರಾಜಪ್ರಶಂಸೆ, ನಾದದ ಮಹಿಮೆ ಮೊದಲಾದವು ಅದರ ವಸ್ತು. ಅಕ್ಷರಗಳು ಸ್ಪಷ್ಟವಾಗಿ ಕೇಳಿಸಬೇಕು. ಖ್ಯಾಲಿಗೆ ಸ್ಥಾಯಿ, ಅಂತರಾ ಎರಡೇ. ಅದರ ನಾಲ್ಕಾರು ಮಾತುಗಳು ಸ್ವರವಿಸ್ತಾರಕ್ಕೆ ಗೂಟವಿದ್ದಂತೆ; ಗಾಯಕನು ಎಷ್ಟು ದೂರ ಸಂಚರಿಸಿದರೂ ಆ ಮುಖಡಾವನ್ನು ಹಿಡಿದು ಸಮ್ಮಿಗೆ ಮರಳುತ್ತಾನೆ.

ಈಗ ಲೆಕ್ಕವನ್ನು ನೋಡೋಣ. ಧ್ರುಪದದ ಒಂದು ಸಾಲು ಚೌತಾಲದ ಹನ್ನೆರಡು ಮಾತ್ರೆಗಳನ್ನೂ ತುಂಬುತ್ತದೆಂದು ಭಾವಿಸಿರಿ. ದುಗುಣದಲ್ಲಿ ಅದೇ ಸಾಲು ಆರು ಮಾತ್ರೆಗಳಲ್ಲಿ ಮುಗಿದು, ಒಂದು ಆವರ್ತನದಲ್ಲಿ ಎರಡು ಸಲ ಬರುತ್ತದೆ. ತಿಗುಣದಲ್ಲಿ ಮೂರು ಸಲ, ಚೌಗುಣದಲ್ಲಿ ನಾಲ್ಕು ಸಲ. ಒಂದೂವರೆ ಪಟ್ಟಿನಲ್ಲಿ ಸಾಲು ಎಂಟು ಮಾತ್ರೆಗಳಲ್ಲಿ ಮುಗಿಯುವುದರಿಂದ, ಮೂರು ಸಲ ಹಾಡಿ ಎರಡು ಆವರ್ತನಗಳಾದ ಮೇಲೆಯೇ ಸಮ್ಮು ಕೂಡುತ್ತದೆ. ಇಷ್ಟಾದರೂ ತಾಳದ ನಡೆ ಬದಲಾಗದು. ಗಾಯಕನು ಹೀಗೆ ಲೆಕ್ಕ ಹಾಕುತ್ತಿರುವಾಗ ಪಖವಾಜದವನು ಠೇಕಾವನ್ನಷ್ಟೇ ಬಾರಿಸುತ್ತ ಕೂಡುವುದಿಲ್ಲ. ತಾನೂ ಬೋಲುಗಳನ್ನು ಹೆಣೆದು, ಗಾಯಕನ ಜೊತೆಗೆ ಸಮ್ಮಿಗೆ ಬಂದು ಸೇರುತ್ತಾನೆ. ಇಲ್ಲಿ ತಾಳವನ್ನು ಇಬ್ಬರೂ ಮನಸ್ಸಿನಲ್ಲಿ ಹೊತ್ತಿರಬೇಕು. ಎಡಮುಖಕ್ಕೆ ಗೋದಿಹಿಟ್ಟಿನ ಕಣಕವನ್ನು ಮೆತ್ತಿದ ಆ ವಾದ್ಯವನ್ನು ತೆರೆದ ಅಂಗೈಯಿಂದ ಬಾರಿಸಿದಾಗ ಬರುವ ಗಂಭೀರ ನಾದವು ಈ ಸ್ಪರ್ಧೆಗೆ ತಕ್ಕದ್ದೇ.

ವಿಲಂಬಿತ ಏಕತಾಲದ ಖ್ಯಾಲಿನಲ್ಲಿ ಒಂದು ಮಾತ್ರೆಯೇ ನಾಲ್ಕೈದು ಸೆಕೆಂಡುಗಳಷ್ಟು ಹಿಗ್ಗಬಹುದು; ಒಂದು ಆವರ್ತನಕ್ಕೆ ಸುಮಾರು ಒಂದು ನಿಮಿಷ. ಇಷ್ಟು ದೂರದ ದಾರಿಯಲ್ಲಿ ಸ್ವರದಲ್ಲಿ ಮುಳುಗಿದ ಗಾಯಕನಿಗೆ ಮೈಲಿಗಲ್ಲುಗಳು ಬೇಕು. ಆದುದರಿಂದ ತಬಲಾದವನು ಬೆರಳ ತುದಿಯಿಂದ ಪ್ರತಿ ಮಾತ್ರೆಯ ಗುರುತನ್ನೂ ಒತ್ತಿ ತೋರಿಸುತ್ತ ಠೇಕಾವನ್ನು ಹಿಡಿದಿರುತ್ತಾನೆ. ಆಲಾಪದ ನಡುವೆ ಅವನು ಅತಿಯಾಗಿ ಬೋಲು ತುಂಬಿದರೆ ನೀಳವಾದ ಸ್ವರ ಒಡೆಯುತ್ತದೆ. ಸ್ವರದ ಬೆನ್ನು ಹತ್ತುವ ಕೆಲಸ ಸಾರಂಗಿಯದು ಅಥವಾ ಹಾರ್ಮೋನಿಯಮ್ಮಿನದು. ಧ್ರುಪದದ ಸಂಪ್ರದಾಯದಲ್ಲಿ ಸಾಮಾನ್ಯವಾಗಿ ಇವೆರಡಕ್ಕೂ ಎಡೆಯಿಲ್ಲ.

ಅಲಂಕಾರಗಳೂ ಇದೇ ನ್ಯಾಯವನ್ನು ಅನುಸರಿಸಿವೆ. ಧ್ರುಪದವು ನೀಳವಾದ ಮೀಂಡನ್ನೂ ಭಾರವಾದ ಗಮಕವನ್ನೂ ಒಪ್ಪುತ್ತದೆ; ಮುರ್ಕಿ, ಖಟಕಾ, ವೇಗದ ತಾನುಗಳನ್ನು ದೂರವಿಡುತ್ತದೆ, ಏಕೆಂದರೆ ಅವು ಅಕ್ಷರವನ್ನು ನುಂಗುತ್ತವೆ. ಖ್ಯಾಲಿನಲ್ಲಿ ಅಕ್ಷರಕ್ಕೆ ಆ ಭಾರವಿಲ್ಲದ್ದರಿಂದ ಇವೆಲ್ಲವೂ ಸಲ್ಲುತ್ತವೆ.

ಹಾಗೆಂದು ನಡುವೆ ಗೋಡೆಯಿದೆಯೆಂದು ತಿಳಿಯಬಾರದು. ಆಗ್ರಾ ಘರಾಣೆಯ ಫೈಯಾಜ್ ಖಾನರು (ನಿಧನ 1950) ಖ್ಯಾಲಿನ ಮೊದಲು ನೋಂ ತೋಂ ಆಲಾಪ ಮಾಡುತ್ತಿದ್ದರು. ಕೊಲ್ಲಾಪುರದ ದರಬಾರದಲ್ಲಿದ್ದ ಅಲ್ಲಾದಿಯಾ ಖಾನರು (ನಿಧನ 1946) ಧ್ರುಪದದ ಮನೆತನದಿಂದ ಬಂದವರು. ಅವರ ಮಕ್ಕಳ ಬಳಿ ಕಲಿತ ನಮ್ಮ ಮಲ್ಲಿಕಾರ್ಜುನ ಮನ್ಸೂರರ (1910–92) ಖ್ಯಾಲಿನಲ್ಲಿ ಸ್ವರವು ಮಾತ್ರೆಯ ಕೈ ಬಿಡದೆ ಸಾಗುತ್ತದೆ. ಸೊಲ್ಲಾಪುರ, ಜತ್ತ, ಅಕ್ಕಲಕೋಟೆಗಳ ಹಿರಿಯರಲ್ಲಿ ಅನೇಕರು ಅದನ್ನು ಕಿವಿಯಾರೆ ಕೇಳಿದವರೇ.

ಇನ್ನೊಮ್ಮೆ ರೇಡಿಯೋದಲ್ಲಿ ಹಾಡು ಕೇಳುವಾಗ ವಾಚಕರು ಗಾಯಕನನ್ನು ಬಿಟ್ಟು ತಾಳವಾದ್ಯದ ಕಡೆಗೆ ಕಿವಿಗೊಡಲಿ. ಗಾಯಕನು ಸಂಚರಿಸುತ್ತಿರುವಾಗ ಅದು ಒಂದೇ ಠೇಕಾವನ್ನು ಕಾಯುತ್ತಿದ್ದರೆ ಅದು ಖ್ಯಾಲಿನ ನಡೆ. ಅದೂ ಗಾಯಕನೊಡನೆ ಬೋಲು ಹೆಣೆಯುತ್ತ ಹೊರಟು, ಇಬ್ಬರೂ ಒಟ್ಟಿಗೆ ಸಮ್ಮಿಗೆ ಬಂದು ನಿಂತರೆ ಅದು ಧ್ರುಪದ.