ತಪ್ಪಿಗೊಂದು ಖಾತೆ

ಷೇರು ಟ್ರೇಡಿಂಗ್ ಮಾಡುವವರ ಡೈರಿ ತೆರೆದರೆ ಸಾಮಾನ್ಯವಾಗಿ ಕಾಣುವುದು ಇಷ್ಟು: ತಾರೀಖು, ಷೇರಿನ ಹೆಸರು, ಕೊಂಡ ದರ, ಮಾರಿದ ದರ, ಲಾಭ ಅಥವಾ ನಷ್ಟ. ಇವನ್ನೆಲ್ಲ ಬ್ರೋಕರ್ ಕಳಿಸುವ ಕಾಂಟ್ರಾಕ್ಟ್ ನೋಟೇ ಹೇಳುತ್ತದೆ. ಅದನ್ನೇ ಮತ್ತೊಮ್ಮೆ ಕೈಯಾರೆ ಬರೆದುಕೊಂಡರೆ ಅಕ್ಷರ ದುಂಡಗಾಗಬಹುದು, ಅಷ್ಟೇ. ತಿಂಗಳ ಕೊನೆಗೆ ಹದಿನಾಲ್ಕು ಸಾವಿರ ಹೋಯಿತೆಂದು ಗೊತ್ತಾಗುತ್ತದೆ. ಆದರೆ ಅದರಲ್ಲಿ ಮಾರುಕಟ್ಟೆ ಕಿತ್ತುಕೊಂಡದ್ದೆಷ್ಟು, ನಾವೇ ಕೈಯಾರೆ ಕಳೆದುಕೊಂಡದ್ದೆಷ್ಟು ಎಂಬುದು ಆ ಡೈರಿಯಿಂದ ತಿಳಿಯುವುದಿಲ್ಲ.

ನಷ್ಟ ಆಗುವುದಂತೂ ಹೊಸ ಸಂಗತಿಯಲ್ಲ. 2024ರ ಸೆಪ್ಟೆಂಬರಿನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದಕ್ಕೆ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಷೇರು ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡಿದ ಬಿಡಿ ಟ್ರೇಡರುಗಳಲ್ಲಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಅದು ಊರಿನ ಲೆಕ್ಕ. ತನ್ನ ಮನೆಯ ಲೆಕ್ಕ ಬೇಕಾದವರು ಡೈರಿಗೆ ಎರಡು ಬಗೆಯ ಕಾಲಂ ಸೇರಿಸಬೇಕು: ಯಾವ ತಪ್ಪು ಆಯಿತು, ಅದಕ್ಕೆ ಎಷ್ಟು ತೆತ್ತೆ.

ಮೊದಲಿಗೆ ತಪ್ಪು ಎಂದರೇನು ಎಂಬುದನ್ನು ಗಟ್ಟಿ ಮಾಡಿಕೊಳ್ಳಬೇಕು. ನಷ್ಟವಾದ ಟ್ರೇಡ್ ಎಲ್ಲ ತಪ್ಪಲ್ಲ. ಯೋಜನೆಯಂತೆಯೇ ಕೊಂಡು, ಯೋಜನೆಯಂತೆಯೇ ಸ್ಟಾಪ್‌ಲಾಸ್ ತಾಗಿ ಹೊರಬಂದಿದ್ದರೆ ಅದು ವ್ಯಾಪಾರದ ಖರ್ಚು. ತಪ್ಪಿನ ಕಾಲಂನಲ್ಲಿ ಅದರ ಮುಂದೆ ಸೊನ್ನೆ ಬರೆಯಬೇಕು. ಯೋಜನೆ ಮುರಿದು ಲಾಭ ಬಂದಿದ್ದರೆ ಅದು ಮಾತ್ರ ತಪ್ಪೇ. ತಪ್ಪಿನ ಬೆಲೆ ಎಂದರೆ ಯೋಜನೆ ಪಾಲಿಸಿದ್ದರೆ ಕೈಗೆ ಬರುತ್ತಿದ್ದ ಮೊತ್ತಕ್ಕೂ ನಿಜವಾಗಿ ಬಂದ ಮೊತ್ತಕ್ಕೂ ಇರುವ ಅಂತರ.

ಆದ್ದರಿಂದ ಯೋಜನೆ ಟ್ರೇಡಿಗೆ ಮೊದಲೇ ಬರಹದಲ್ಲಿ ಇರಬೇಕು: ಎಲ್ಲಿ ಕೊಳ್ಳುವುದು, ಎಲ್ಲಿ ಸ್ಟಾಪ್, ಎಲ್ಲಿ ಟಾರ್ಗೆಟ್, ಎಷ್ಟು ಷೇರು. ಆಮೇಲೆ ಬರೆದ ಯೋಜನೆಗೆ ಚಾರ್ಟಿನ ಬಲಗಡೆ ಏನಾಯಿತೆಂಬುದು ಗೊತ್ತಿರುತ್ತದೆ, ಅದು ಯಾವಾಗಲೂ ಜಾಣತನದಿಂದಲೇ ಕೂಡಿರುತ್ತದೆ. ಆ ನಾಲ್ಕು ಅಂಕಿಗಳನ್ನು ವಾಟ್ಸಾಪಿನಲ್ಲಿ ತನಗೆ ತಾನೇ ಕಳಿಸಿಕೊಂಡರೂ ಸಾಕು, ಸಮಯ ತಾನಾಗಿ ದಾಖಲಾಗುತ್ತದೆ. ಸ್ಟಾಪ್ ಅನ್ನು ಎಲ್ಲಿಂದ ಎಲ್ಲಿಗೆ ಸರಿಸಿದೆವು ಎಂಬುದನ್ನು ಅದೇ ದಿನ ಬರೆದಿಡಬೇಕು. ಬ್ರೋಕರ್ ಕೊಡುವ ಟ್ರೇಡ್‌ಬುಕ್ಕಿನಲ್ಲಿ ಮುಗಿದ ವ್ಯವಹಾರಗಳು ಮಾತ್ರ ಇರುತ್ತವೆ, ನಡುವೆ ಬದಲಾದ ಆರ್ಡರುಗಳ ಚರಿತ್ರೆ ಅಲ್ಲಿ ಸಿಗುವುದಿಲ್ಲ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಬಂಡವಾಳ ಎರಡು ಲಕ್ಷ. ಒಂದು ಟ್ರೇಡಿನಲ್ಲಿ ನೂರಕ್ಕೆ ಒಂದರಷ್ಟು, ಅಂದರೆ 2,000 ರೂಪಾಯಿಗಿಂತ ಹೆಚ್ಚು ಕಳೆಯಬಾರದೆಂಬುದು ನಿಯಮ. ಷೇರೊಂದು 400ರ ಆಸುಪಾಸಿನಲ್ಲಿದೆ. ಹದಿನೈದು ನಿಮಿಷದ ಕ್ಯಾಂಡಲ್ 410ರ ಮೇಲೆ ಮುಗಿದರೆ ಕೊಳ್ಳುವುದು, ಸ್ಟಾಪ್ 400, ಟಾರ್ಗೆಟ್ 430. ಷೇರಿಗೆ 10 ರೂಪಾಯಿ ಅಪಾಯ, ಹಾಗಾಗಿ 200 ಷೇರು. ಲೆಕ್ಕ ಸುಲಭವಾಗಲೆಂದು ಕೊಂಡ ದರ 410 ಎಂದೇ ಹಿಡಿಯೋಣ, ಬ್ರೋಕರೇಜ್ ಮತ್ತು ತೆರಿಗೆಗಳನ್ನು ಬದಿಗಿಡೋಣ.

ಅವಸರದ ಎಂಟ್ರಿಯಿಂದ ಶುರು ಮಾಡಬಹುದು. ದರ 407ಕ್ಕೆ ಬಂದಿದೆ, ಇನ್ನೇನು ಹಾರುತ್ತದೆ ಅನ್ನಿಸಿ ಅಲ್ಲೇ ಕೊಂಡಾಯಿತು. ಅದು 410 ಮುಟ್ಟಲೇ ಇಲ್ಲ, ತಿರುಗಿ 400ಕ್ಕೆ ಇಳಿದು ಸ್ಟಾಪ್ ಹೊಡೆಯಿತು. ನಷ್ಟ 1,400. ಯೋಜನೆ ಪಾಲಿಸಿದ್ದರೆ ಈ ಟ್ರೇಡೇ ಇರುತ್ತಿರಲಿಲ್ಲ, ಹಾಗಾಗಿ ತಪ್ಪಿನ ಬೆಲೆ ಪೂರ್ತಿ 1,400. ಇನ್ನೊಂದು ದಿನ ಹಾಗೆಯೇ 407ಕ್ಕೆ ಕೊಂಡದ್ದು 410 ದಾಟಿ 430ಕ್ಕೂ ಹೋಯಿತು. ಯೋಜನೆಯಲ್ಲಿ ಬರುತ್ತಿದ್ದದ್ದು 4,000, ಬಂದದ್ದು 4,600. ಈ ಸಲ ತಪ್ಪಿನ ಬೆಲೆ ಮೈನಸ್ 600. ಅದನ್ನೂ ಮೈನಸ್ ಚಿಹ್ನೆ ಸಮೇತ ಬರೆಯಲೇಬೇಕು. ಅವಸರ ಮಾಡುವವನಿಗೆ ನೆನಪಿರುವುದು ‘ಮೂರು ರೂಪಾಯಿ ಕಡಿಮೆಗೆ ಸಿಕ್ಕಿತು’ ಎಂಬ ಎರಡನೇ ದಿನ. ಹುಟ್ಟಲೇಬಾರದಿದ್ದ ಟ್ರೇಡುಗಳು ಅವನ ಕಣ್ಣಿಗೆ ಮಾಮೂಲಿ ನಷ್ಟದಂತೆ ಕಾಣುತ್ತವೆ. ಈ ತಪ್ಪಿನ ದುಡ್ಡೆಲ್ಲ ಸೋರುವುದು ಅಲ್ಲಿಂದಲೇ.

ಸ್ಟಾಪ್ ಸರಿಸುವುದು ಇದಕ್ಕಿಂತ ವಂಚಕ. 410ಕ್ಕೆ ಸರಿಯಾಗಿಯೇ ಕೊಂಡು, ದರ 401ಕ್ಕೆ ಬಂದಾಗ ಸ್ಟಾಪನ್ನು 392ಕ್ಕೆ ಇಳಿಸಿದ್ದಾಯಿತು. ಅದೂ ಹೊಡೆದರೆ ನಷ್ಟ 3,600. ಯೋಜನೆಯಲ್ಲಿ 2,000 ಮಾತ್ರ, ಆದ್ದರಿಂದ ತಪ್ಪಿಗೆ 1,600. ಆದರೆ ದರ 395ರವರೆಗೆ ಇಳಿದು, ಸರಿಸಿದ ಸ್ಟಾಪನ್ನು ಮುಟ್ಟದೆ ಮೇಲೆದ್ದು 430 ಕಂಡಿತು ಅನ್ನಿ. 2,000 ಕಳೆಯಬೇಕಾದಲ್ಲಿ 4,000 ಬಂತು, ತಪ್ಪಿನ ಬೆಲೆ ಮೈನಸ್ 6,000. ಇಂಥದ್ದು ಒಮ್ಮೆ ಆದರೆ ಸಾಕು, ಆ ಮನುಷ್ಯ ಆರು ತಿಂಗಳು ಸ್ಟಾಪ್ ಸರಿಸುತ್ತಲೇ ಇರುತ್ತಾನೆ. ಅಂದಹಾಗೆ, ಲಾಭದಲ್ಲಿರುವ ಟ್ರೇಡಿನ ಸ್ಟಾಪನ್ನು ಯೋಜನೆಯಂತೆ ಮೇಲಕ್ಕೆ ತರುವುದು ತಪ್ಪಲ್ಲ. ಯೋಜನೆಯಲ್ಲಿ ಇಲ್ಲದೆ, ಬಂದ ಲಾಭ ಹೋದೀತೆಂಬ ಹೆದರಿಕೆಯಿಂದ ಕೊಂಡ ದರಕ್ಕೇ ಎಳೆದು ತರುವುದೂ ಒಂದು ತಪ್ಪೇ. ಆದರೆ ಅದರ ರೋಗ ಬೇರೆ, ಅದಕ್ಕೆ ಬೇರೆಯೇ ಟ್ಯಾಗ್ ಇರಲಿ.

ಪ್ರಮಾಣ ಮೀರಿದ ಟ್ರೇಡಿನ ಗುಣಾಕಾರ ಸರಳ. 200ರ ಬದಲು 500 ಷೇರು ಕೊಂಡು ಸ್ಟಾಪ್ ತಾಗಿದರೆ 2,000ದ ಜಾಗದಲ್ಲಿ 5,000 ಹೋಗುತ್ತದೆ, ತಪ್ಪಿಗೆ 3,000. ಗೆದ್ದರೆ 4,000ದ ಬದಲು 10,000, ಬೆಲೆ ಮೈನಸ್ 6,000. ಇಲ್ಲೊಂದು ತೊಡಕಿದೆ. ಯೋಜನೆ ನಿಜವಾಗಿಯೂ ಲಾಭದ್ದಾಗಿದ್ದರೆ ಹೆಚ್ಚುವರಿ 300 ಷೇರೂ ಸರಾಸರಿಯಲ್ಲಿ ಲಾಭವನ್ನೇ ತರಬೇಕು, ಆಗ ಮೊತ್ತ ತಪ್ಪನ್ನೇ ಶಭಾಷ್ ಅನ್ನುತ್ತದೆ. ಹಾಗಾಗಿ ಈ ಕಾಲಂ ಕೂಡುವಾಗ ರೂಪಾಯಿಯ ಜೊತೆಗೆ ಇನ್ನೆರಡನ್ನು ನೋಡಬೇಕು. ಮಾಮೂಲಿ ಪ್ರಮಾಣದವಕ್ಕೆ ಹೋಲಿಸಿದರೆ ಪ್ರಮಾಣ ಮೀರಿದ ಟ್ರೇಡುಗಳು ಗೆಲ್ಲುವುದು ಕಡಿಮೆಯೇ? ಅವು ಸೋತ ಟ್ರೇಡಿನ ಬೆನ್ನಿಗೇ ಬರುತ್ತಿವೆಯೇ? ಸೋತ ಸಿಟ್ಟಿನಲ್ಲಿ ದೊಡ್ಡದಾಗಿ ಕೊಳ್ಳುವವನು ಷೇರನ್ನೂ ಅಷ್ಟೇ ಸಿಟ್ಟಿನಲ್ಲಿ ಆರಿಸಿರುತ್ತಾನೆ.

ತಪ್ಪುಗಳು ಒಂದೊಂದಾಗಿ ಬರುವುದೂ ಅಪರೂಪ. ಒಂದೇ ಟ್ರೇಡಿನಲ್ಲಿ ಮೂರೂ ಆದದ್ದನ್ನು ನೋಡಿ: ಇಂಟ್ರಾಡೇ ಮಾರ್ಜಿನ್ ಬಳಸಿ 407ಕ್ಕೇ 500 ಷೇರು, ಸ್ಟಾಪ್ 392ಕ್ಕೆ ಇಳಿಕೆ, ಅದೂ ಹೊಡೆತ. ದರ 410 ಮುಟ್ಟಿರಲಿಲ್ಲ. ನಷ್ಟ 7,500, ಪೂರ್ತಿ ತಪ್ಪಿನದೇ. ಇದನ್ನು ಹಂಚುವುದು ಹೇಗೆ? ತಪ್ಪುಗಳು ನಡೆದ ಕ್ರಮದಲ್ಲೇ ಒಂದೊಂದನ್ನು ಸೇರಿಸುತ್ತ ಹೋಗಬೇಕು. ಬರೀ ಅವಸರವಾಗಿದ್ದರೆ 200 ಷೇರಿಗೆ 1,400 ಹೋಗುತ್ತಿತ್ತು. ಅದಕ್ಕೆ ಪ್ರಮಾಣ ಸೇರಿಸಿದರೆ 500 ಷೇರಿಗೆ 3,500, ಅಂದರೆ ಪ್ರಮಾಣದ ಪಾಲು 2,100. ಕೊನೆಗೆ ಸ್ಟಾಪ್ ಸರಿಸಿದ್ದರಿಂದ 7,500, ಅದರ ಪಾಲು 4,000. ಪ್ರಮಾಣಕ್ಕಿಂತ ಮೊದಲು ಸ್ಟಾಪ್ ಲೆಕ್ಕ ಹಿಡಿದಿದ್ದರೆ ಅದರ ಪಾಲು 1,600ಕ್ಕೆ ಇಳಿದು ಪ್ರಮಾಣದ್ದು 4,500ಕ್ಕೆ ಏರುತ್ತಿತ್ತು. ಎರಡೂ ಸುಳ್ಳಲ್ಲ. ಆದರೆ ಪ್ರತಿ ಸಲ ಒಂದೇ ಕ್ರಮ ಇರಬೇಕು, ಇಲ್ಲದಿದ್ದರೆ ತಿಂಗಳ ಮೊತ್ತಗಳನ್ನು ಹೋಲಿಸುವಂತಿಲ್ಲ.

ಇದಕ್ಕಾಗಿಯೇ ಒಂದು ಟ್ಯಾಗ್ ಕಾಲಂನಲ್ಲಿ ‘ಅವಸರ, ಸ್ಟಾಪ್’ ಎಂದು ಅಲ್ಪವಿರಾಮ ಹಾಕಿ ಬರೆಯುವುದಕ್ಕಿಂತ, ಎಕ್ಸೆಲ್ ಹಾಳೆಯಲ್ಲಿ ಪ್ರತಿ ತಪ್ಪಿಗೂ ಒಂದು ಬೆಲೆಯ ಕಾಲಂ ಇಡುವುದು ವಾಸಿ. ಆಗದ ತಪ್ಪಿನ ಮನೆ ಖಾಲಿ ಇರಲಿ. ತಿಂಗಳ ಕೊನೆಗೆ ಪ್ರತಿ ಕಾಲಂ ಕೆಳಗೆ ಎರಡೇ ಸೂತ್ರ, ಒಂದು ಮೊತ್ತಕ್ಕೆ, ಇನ್ನೊಂದು ಎಷ್ಟು ಸಲ ಎಂಬುದಕ್ಕೆ:

```
=SUM(H2:H41)
=COUNT(H2:H41)
```

ನಮ್ಮ ಉದಾಹರಣೆಯ ಟ್ರೇಡರ್ ತಿಂಗಳಲ್ಲಿ 40 ಟ್ರೇಡ್ ಮಾಡಿ 14,100 ಕಳೆದಿದ್ದಾನೆ ಎನ್ನೋಣ. ಕಾಲಂಗಳು ಹೇಳುವುದು ಹೀಗೆ: ಅವಸರ 11 ಸಲ, 6,200. ಪ್ರಮಾಣ 4 ಸಲ, 1,900. ಸ್ಟಾಪ್ 5 ಸಲ, 13,400. ಒಟ್ಟು 21,500. ಅಂದರೆ ಯೋಜನೆಯನ್ನು ಚಾಚೂ ತಪ್ಪದೆ ಪಾಲಿಸಿದ್ದರೆ ಅವನ ತಿಂಗಳು 7,400 ಲಾಭದಲ್ಲಿ ಮುಗಿಯುತ್ತಿತ್ತು.

ಆದರೆ ಸ್ಟಾಪಿನ 13,400ನ್ನು ಬಿಚ್ಚಿ ನೋಡಬೇಕು. ಅದರೊಳಗೆ 1,600, 3,800, 4,000 ಇವೆ, ಮೈನಸ್ 6,000 ಇದೆ. ಉಳಿದ 10,000 ಒಂದೇ ಟ್ರೇಡಿನದು: ಸಂಜೆ ಸ್ಟಾಪನ್ನು ತೆಗೆದೇಬಿಟ್ಟು, ‘ನಾಳೆ ನೋಡೋಣ’ ಎಂದು ರಾತ್ರಿ ಇಟ್ಟುಕೊಂಡದ್ದು ಬೆಳಿಗ್ಗೆ 350ಕ್ಕೆ ತೆರೆಯಿತು. ಆ ಒಂದು ಸಾಲು ತೆಗೆದರೆ ಸ್ಟಾಪಿನ ಮೊತ್ತ 3,400ಕ್ಕೆ ಇಳಿದು ಅವಸರ ಮೊದಲ ಸ್ಥಾನಕ್ಕೆ ಬರುತ್ತದೆ. ಪ್ರತಿ ಕಾಲಂಗೂ ಅತಿ ದೊಡ್ಡ ಸಾಲನ್ನು ಬಿಟ್ಟು ಇನ್ನೊಮ್ಮೆ ಕೂಡಿ ನೋಡುವುದು ಒಳ್ಳೆಯ ಅಭ್ಯಾಸ. ಹಾಗೆಂದು ಆ ಹತ್ತು ಸಾವಿರವನ್ನು ‘ಅದೊಂದು ಕೆಟ್ಟ ದಿನ’ ಎಂದು ಪಕ್ಕಕ್ಕಿಡುವವರನ್ನು ನಾನು ಒಪ್ಪುವುದಿಲ್ಲ. ಅವಸರಕ್ಕೆ 400ರ ಸ್ಟಾಪ್ ತಳವಾಗಿರುತ್ತದೆ, ಅದು ಎಷ್ಟು ಕೆಟ್ಟರೂ ಅಲ್ಲಿಗೆ ನಿಲ್ಲುತ್ತದೆ. ಸ್ಟಾಪ್ ಸರಿಸಿದವನು ಆ ತಳವನ್ನೇ ಕಿತ್ತುಹಾಕಿರುತ್ತಾನೆ. ಆ ದೊಡ್ಡ ಸಾಲು ಆ ತಪ್ಪಿನ ಸ್ವಭಾವವೇ ಹೊರತು ಅಪವಾದವಲ್ಲ. ಹಾಗಾಗಿ ಮೊದಲು ತಿದ್ದಬೇಕಾದದ್ದು ಸ್ಟಾಪ್, ಐದೇ ಸಲ ಆಗಿದ್ದರೂ.

ಈ ಲೆಕ್ಕ ಎಲ್ಲಿ ಹುಸಿಯಾಗುತ್ತದೆ ಎಂಬುದೂ ತಿಳಿದಿರಲಿ. ‘ಪಾಲಿಸಿದ್ದರೆ’ ಎಂಬ ಅಂಕಿ ಚಾರ್ಟಿನಿಂದ ತೆಗೆದದ್ದು. ಹದಿನೈದು ನಿಮಿಷದ ಒಂದೇ ಕ್ಯಾಂಡಲ್ ಟಾರ್ಗೆಟನ್ನೂ ಸ್ಟಾಪನ್ನೂ ಮುಟ್ಟಿದ್ದರೆ ಯಾವುದು ಮೊದಲು ಎಂದು ಅದರಿಂದ ಹೇಳಲಾಗದು. ಅಂಥಲ್ಲಿ ಸ್ಟಾಪೇ ಮೊದಲು ಹೊಡೆಯಿತೆಂದು ಬರೆಯುವುದು ಕ್ಷೇಮ. ಗ್ಯಾಪ್‌ಡೌನ್ ಆದ ಬೆಳಿಗ್ಗೆ ಯೋಜನೆಯ ಸ್ಟಾಪೂ ಅಂದುಕೊಂಡ ದರಕ್ಕೆ ಸಿಗುತ್ತಿರಲಿಲ್ಲ ಎಂಬುದನ್ನು ಮರೆತರೆ ತಪ್ಪಿನ ಬೆಲೆ ಉಬ್ಬುತ್ತದೆ. ಮೇಲಿನ ಹತ್ತು ಸಾವಿರದ ಸಾಲೇ ನೋಡಿ: ಹಿಂದಿನ ಸಂಜೆಯೇ ದರ 400ರ ಕೆಳಗಿಳಿದು ಸ್ಟಾಪ್ ಹೊಡೆಯುತ್ತಿದ್ದರೆ ಮಾತ್ರ ಆ ಅಂಕಿ ಸರಿ. ಬೆಳಿಗ್ಗೆಯ ಗ್ಯಾಪಿನಲ್ಲೇ ಮೊದಲ ಬಾರಿಗೆ 400ರ ಕೆಳಗೆ ಹೋಗಿದ್ದರೆ ಸ್ಟಾಪ್ ಇಟ್ಟವನೂ 350ರ ಆಸುಪಾಸಿಗೇ ಹೊರಬರುತ್ತಿದ್ದ, ತಪ್ಪಿನ ಬೆಲೆ ಸೊನ್ನೆಗೆ ಹತ್ತಿರ.

ಇನ್ನೂ ಒಂದು ಅಂಕಿ ಉಳಿಯಿತು: ತಪ್ಪುಗಳನ್ನೆಲ್ಲ ಕಳೆದ ಮೇಲೆ ಸಿಕ್ಕ ಆ 7,400. ಎಷ್ಟೋ ಡೈರಿಗಳಲ್ಲಿ ಅದು ಮೈನಸ್ಸಿನಲ್ಲೇ ನಿಂತಿರುತ್ತದೆ. ನೂರು ನೂರೈವತ್ತು ಟ್ರೇಡ್ ಆದ ಮೇಲೂ ಅದು ಮೈನಸ್ಸಿನಲ್ಲೇ ಇದ್ದರೆ ಸ್ಟಾಪ್ ಸರಿಸಿದ್ದನ್ನೋ ಅವಸರವನ್ನೋ ದೂರಿ ಫಲವಿಲ್ಲ. 410ರ ಮೇಲೆ ಕೊಂಡು 430ಕ್ಕೆ ಮಾರುವ ಆ ಯೋಜನೆಗೇ ದುಡ್ಡು ಹುಟ್ಟಿಸುವ ಶಕ್ತಿ ಇಲ್ಲ.