ಐದು ಹಣ್ಣಿಗೆ ಏಳು ತೂಕ

ಎರಡೆರಡನ್ನೇ ಹೋಲಿಸುತ್ತಾ ವಸ್ತುಗಳನ್ನು ಕ್ರಮವಾಗಿ ಜೋಡಿಸುವ ಯಾವುದೇ ವಿಧಾನಕ್ಕೆ ಒಂದು ಕನಿಷ್ಠ ಮಿತಿಯಿದೆ. ವಿಧಾನ ಎಷ್ಟೇ ಜಾಣತನದ್ದಾದರೂ ಆ ಮಿತಿಗಿಂತ ಕಡಿಮೆ ಹೋಲಿಕೆಗಳಲ್ಲಿ ಎಲ್ಲ ಸಂದರ್ಭಗಳಲ್ಲೂ ಕೆಲಸ ಮುಗಿಯುವುದಿಲ್ಲ.

ಬೇರೆ ಬೇರೆ ತೂಕದ ಐದು ಮಾವಿನ ಹಣ್ಣುಗಳಿವೆ, ತಕ್ಕಡಿಯಿದೆ, ಆದರೆ ತೂಕದ ಕಲ್ಲುಗಳಿಲ್ಲ ಎಂದುಕೊಳ್ಳೋಣ. ಒಂದು ಸಲಕ್ಕೆ ಎರಡು ಹಣ್ಣುಗಳನ್ನು ತೂಗಿ ಯಾವುದು ಭಾರ ಎಂದಷ್ಟೇ ತಿಳಿಯಬಹುದು. ಮೊದಲ ತೂಕದಲ್ಲಿ ತಕ್ಕಡಿ ಎಡಕ್ಕೆ ವಾಲಿದರೆ ಮುಂದೆ ಯಾವ ಜೋಡಿ, ಬಲಕ್ಕೆ ವಾಲಿದರೆ ಯಾವ ಜೋಡಿ ಎಂದು ಬರೆಯುತ್ತಾ ಹೋದರೆ ಕವಲೊಡೆಯುವ ಮರವೊಂದು ಮೂಡುತ್ತದೆ. ಇದೇ ನಿರ್ಧಾರ ವೃಕ್ಷ. ಅದರ ಪ್ರತಿ ಕವಲು ಒಂದು ಹೋಲಿಕೆ, ತುದಿಯ ಪ್ರತಿ ಎಲೆ ಒಂದು ಅಂತಿಮ ಕ್ರಮ.

ಐದು ಹಣ್ಣುಗಳು 5 × 4 × 3 × 2 × 1, ಅಂದರೆ 120 ಕ್ರಮಗಳಲ್ಲಿ ಇರಬಹುದು. ಎರಡು ಬೇರೆ ಕ್ರಮಗಳು ಒಂದೇ ಎಲೆಗೆ ಬಂದು ನಿಂತರೆ ಉತ್ತರ ಒಂದಕ್ಕಾದರೂ ತಪ್ಪುತ್ತದೆ. ಹಾಗಾಗಿ ಮರಕ್ಕೆ ಕನಿಷ್ಠ 120 ಎಲೆಗಳು ಬೇಕು. ಒಂದೊಂದು ಹೋಲಿಕೆಗೂ ಕವಲುಗಳು ಹೆಚ್ಚೆಂದರೆ ಇಮ್ಮಡಿಯಾಗುತ್ತವೆ. ಆರು ಹೋಲಿಕೆಗಳಿಗೆ 64 ಎಲೆಗಳು, ಏಳಕ್ಕೆ 128. ಆದ್ದರಿಂದ ಆರು ತೂಕ ಸಾಲದು.

ಏಳು ಸಾಕೇ? ಸಾಕು. ಮೊದಲು ಅ ಮತ್ತು ಆ, ಬಳಿಕ ಇ ಮತ್ತು ಈ ಹಣ್ಣುಗಳನ್ನು ತೂಗಬೇಕು. ಆ ಮತ್ತು ಈ ಭಾರವಾದವೆನ್ನೋಣ. ಮೂರನೆಯ ತೂಕ ಇವೆರಡರ ನಡುವೆ. ಈ ಇನ್ನೂ ಭಾರವಾಗಿದ್ದರೆ ಅ, ಆ, ಈ ಎಂಬ ಸಾಲು ಸಿಕ್ಕಿತು. ಐದನೆಯ ಹಣ್ಣಾದ ಉ ಅನ್ನು ನಡುವಿನ ಆ ಜೊತೆ ತೂಗಿ, ಫಲಿತಾಂಶ ನೋಡಿಕೊಂಡು ಅ ಅಥವಾ ಈ ಜೊತೆ ತೂಗಿದರೆ ಅದರ ಜಾಗ ತಿಳಿಯುತ್ತದೆ. ಉಳಿದದ್ದು ಇ. ಅದು ಈ ಹಣ್ಣಿಗಿಂತ ಹಗುರವೆಂದು ಆಗಲೇ ಗೊತ್ತಿರುವುದರಿಂದ, ಈ ಹಣ್ಣಿನ ಹಿಂದಿರುವ ಹೆಚ್ಚೆಂದರೆ ಮೂರು ಹಣ್ಣುಗಳ ನಡುವೆ ಅದಕ್ಕೆ ಜಾಗ ಹುಡುಕಿದರಾಯಿತು. ಅದಕ್ಕೂ ಎರಡೇ ತೂಕ ಸಾಕು. ಒಟ್ಟು ಏಳು.

ವಸ್ತುಗಳು n ಇದ್ದರೆ ಕ್ರಮಗಳು n!, ಅಂದರೆ n ಅಪವರ್ತನೀಯ. ಹೋಲಿಕೆಗಳು h ಆದರೆ 2^h ≥ n! ಆಗಿರಬೇಕು, ಅಂದರೆ h ≥ log₂ n!. ಈ ಲಾಗರಿದಮ್ ಎಷ್ಟು ದೊಡ್ಡದು ಎಂಬುದನ್ನು ಸುಲಭವಾಗಿ ಅಂದಾಜಿಸಬಹುದು. n! ಗುಣಾಕಾರದಲ್ಲಿ ದೊಡ್ಡ ಅರ್ಧದ ಪ್ರತಿ ಸಂಖ್ಯೆಯೂ n/2ಕ್ಕಿಂತ ಕಡಿಮೆಯಿಲ್ಲ. ಹಾಗಾಗಿ log₂ n! ಕನಿಷ್ಠ (n/2) log₂(n/2) ಇರುತ್ತದೆ. ಅತ್ತ n! ಎಂದೂ nⁿ ಮೀರದು. ಹೀಗೆ ಮಿತಿ n log n ವೇಗದಲ್ಲೇ ಬೆಳೆಯುತ್ತದೆ. 1000 ವಸ್ತುಗಳಿಗೆ ಅದು 8530 ಹೋಲಿಕೆಗಳು. ಮರ್ಜ್ ಸಾರ್ಟ್ ಎಂಬ ಪ್ರಸಿದ್ಧ ವಿಧಾನಕ್ಕೆ ಅತಿ ಕೆಟ್ಟ ಸಂದರ್ಭದಲ್ಲಿ 8977 ಬೇಕು.

ಈ ಮಿತಿಯನ್ನು ಯಾವಾಗಲೂ ಮುಟ್ಟಲಾಗದು. 12 ವಸ್ತುಗಳಿಗೆ ಲೆಕ್ಕ 29 ಎನ್ನುತ್ತದೆ. ನಿಜಕ್ಕೂ 30 ಬೇಕೆಂದು 1965ರಲ್ಲಿ ಮಾರ್ಕ್ ವೆಲ್ಸ್ ಕಂಪ್ಯೂಟರ್ ನೆರವಿನಿಂದ ತೋರಿಸಿದರು. ಇನ್ನು, ಈ ಮಿತಿ ಹೋಲಿಕೆಯನ್ನೇ ನೆಚ್ಚಿದ ವಿಧಾನಗಳಿಗೆ ಮಾತ್ರ ಅನ್ವಯ. 0ರಿಂದ 100ರವರೆಗಿನ ಅಂಕಗಳಿರುವ ಉತ್ತರ ಪತ್ರಿಕೆಗಳನ್ನು 101 ಖಾನೆಗಳಿಗೆ ನೇರವಾಗಿ ಹಾಕುತ್ತಾ ಹೋದರೆ ಒಂದನ್ನೊಂದು ಹೋಲಿಸುವ ಪ್ರಮೇಯವೇ ಬರುವುದಿಲ್ಲ.