ಗೃಹಸಾಲಕ್ಕೆ ಹನ್ನೆರಡು ಚೌಕಗಳ ಪರೀಕ್ಷೆ

ಗೃಹಸಾಲ ಕೇಳಲು ಹೋದವರಿಗೆ ಬ್ಯಾಂಕಿನವರು ಒಂದು ಕಂತಿನ ಮೊತ್ತ ಹೇಳುತ್ತಾರೆ. ಅದು ಇವತ್ತಿನ ಬಡ್ಡಿದರಕ್ಕೆ ಹಾಕಿದ ಲೆಕ್ಕ. ಆದರೆ ಬಹುಪಾಲು ಗೃಹಸಾಲಗಳ ಬಡ್ಡಿ ರೆಪೊ ದರದ ಜೊತೆ ಏರಿಳಿಯುತ್ತದೆ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರೆಪೊ ಶೇ 4ರಿಂದ ಶೇ 6.5ಕ್ಕೆ ಏರಿತ್ತು. ಹಾಗಾಗಿ ಸಾಲಕ್ಕೆ ಸಹಿ ಹಾಕುವ ಮೊದಲು ಒಂದೇ ಕಂತನ್ನು ನೋಡಿದರೆ ಸಾಲದು. ಮೂರು ಬಡ್ಡಿದರ, ನಾಲ್ಕು ಅವಧಿಗಳಿಗೆ ಕಂತು ಎಷ್ಟಾಗುತ್ತದೆ, ಅದು ಸಂಬಳದ ಎಷ್ಟು ಪಾಲು ನುಂಗುತ್ತದೆ ಎಂದು ಎಕ್ಸೆಲ್ ಹಾಳೆಯಲ್ಲಿ ನೋಡಿಕೊಳ್ಳಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ತುಮಕೂರಿನಲ್ಲಿ ಮನೆ ಕೊಳ್ಳಲು ಹೊರಟ ದಂಪತಿಗೆ 40 ಲಕ್ಷ ರೂಪಾಯಿ ಸಾಲ ಬೇಕು. ಪಿಎಫ್, ತೆರಿಗೆ ಕಳೆದು ಇಬ್ಬರ ಕೈಗೂ ಸೇರಿ ತಿಂಗಳಿಗೆ 90,000 ಬರುತ್ತದೆ. ಕಾರಿನ ಸಾಲಕ್ಕೆ ಈಗಾಗಲೇ 8,000 ಕಂತು ಹೋಗುತ್ತಿದೆ.

ಹಾಳೆಯ B1ರಲ್ಲಿ ಸಾಲ, B2ರಲ್ಲಿ ಕೈಗೆ ಬರುವ ಆದಾಯ, B3ರಲ್ಲಿ ಹಳೆಯ ಕಂತು ಬರೆಯಿರಿ. ಐದನೇ ಸಾಲಿನಲ್ಲಿ B5ರಿಂದ ವರ್ಷಗಳನ್ನು, A6ರಿಂದ ಕೆಳಕ್ಕೆ ಬಡ್ಡಿದರಗಳನ್ನು ಶೇಕಡಾ ಗುರುತಿನೊಡನೆ ತುಂಬಿ. B6ರಲ್ಲಿ ಈ ಸೂತ್ರ ಹಾಕಿ, ಉಳಿದ ಚೌಕಗಳಿಗೆ ಎಳೆಯಿರಿ:

```
=(PMT($A6/12,B$5*12,-$B$1)+$B$3)/$B$2
```

ಬಡ್ಡಿಯನ್ನು 12ರಿಂದ ಭಾಗಿಸುವುದನ್ನು ಮರೆಯುವವರು ಬಹಳ. ಮರೆತರೆ ತಿಂಗಳ ಕಂತು ಮೂರು ಲಕ್ಷ ದಾಟುತ್ತದೆ. ಅನುಪಾತ ಶೇ 100ಕ್ಕಿಂತ ಎಷ್ಟೋ ಮೇಲೆ ಹೋದರೆ ತಪ್ಪು ಅಲ್ಲೇ ಇದೆ ಎಂದು ತಿಳಿಯಿರಿ. ಸರಿಯಾಗಿ ಹಾಕಿದರೆ ಬರುವ ಉತ್ತರ ಹೀಗಿರುತ್ತದೆ (ಆದಾಯದ ಶೇಕಡಾವಾರು):

| ಬಡ್ಡಿ | 15 ವರ್ಷ | 20 ವರ್ಷ | 25 ವರ್ಷ | 30 ವರ್ಷ |
|---|---|---|---|---|
| 8.5% | 52.7 | 47.5 | 44.7 | 43.1 |
| 9.5% | 55.3 | 50.3 | 47.7 | 46.3 |
| 10.5% | 58.0 | 53.3 | 50.9 | 49.5 |

ಎಲ್ಲ ಕಂತುಗಳೂ ಸೇರಿ ಆದಾಯದ ಅರ್ಧದ ಆಸುಪಾಸಿನಲ್ಲಿದ್ದರೆ ಅನೇಕ ಬ್ಯಾಂಕುಗಳು ಒಪ್ಪುತ್ತವೆ. ಅದು ಬ್ಯಾಂಕಿನ ಮಿತಿ. ಬಾಡಿಗೆ, ಮಕ್ಕಳ ಶುಲ್ಕ, ಅಪ್ಪ ಅಮ್ಮನ ಔಷಧಿ ಅದರ ಲೆಕ್ಕಕ್ಕೆ ಪೂರ್ತಿ ಬರುವುದಿಲ್ಲ. ಈ ದಂಪತಿ ತಮಗೆ ಶೇ 45 ಮಿತಿ ಎಂದುಕೊಂಡರೆ, ಮೊದಲ ಸಾಲಿನ ಕೊನೆಯ ಎರಡು ಚೌಕಗಳು ಮಾತ್ರ ಪಾಸಾಗುತ್ತವೆ.

ಹಾಗಾದರೆ 30 ವರ್ಷಕ್ಕೆ ಸಾಲ ಮಾಡಬಹುದಲ್ಲ ಎನ್ನಿಸುತ್ತದೆ. ಶೇ 8.5ರಲ್ಲಿ 20 ವರ್ಷದ ಕಂತು 34,713 ರೂಪಾಯಿ, 30 ವರ್ಷದ್ದು 30,756. ತಿಂಗಳಿಗೆ ಉಳಿಯುವುದು ಸುಮಾರು ನಾಲ್ಕು ಸಾವಿರ. ಒಟ್ಟು ಕಟ್ಟುವ ಹಣ ಮಾತ್ರ 83.3 ಲಕ್ಷದಿಂದ 110.7 ಲಕ್ಷಕ್ಕೆ ಏರುತ್ತದೆ. ಅವಧಿ ಉದ್ದವಾದಷ್ಟೂ ಕಂತು ಇಳಿಯುವುದು ಕಡಿಮೆಯಾಗುತ್ತಾ ಹೋಗುತ್ತದೆ. ಏಕೆಂದರೆ ಎಷ್ಟೇ ವರ್ಷ ಎಳೆದರೂ ಮೊದಲ ತಿಂಗಳ ಬಡ್ಡಿ 28,333 ಇದ್ದೇ ಇರುತ್ತದೆ. ಕಂತು ಅದಕ್ಕಿಂತ ಕೆಳಗಿಳಿಯುವಂತಿಲ್ಲ.

ಬಡ್ಡಿ ಏರಿದಾಗ ಈ ಮಾತು ಇನ್ನಷ್ಟು ಬಿಗಿಯಾಗುತ್ತದೆ. ಬ್ಯಾಂಕುಗಳು ಸಾಮಾನ್ಯವಾಗಿ ಕಂತನ್ನು ಹಾಗೇ ಇಟ್ಟು ಅವಧಿ ಹಿಗ್ಗಿಸುತ್ತವೆ. 20 ವರ್ಷದ ಈ ಸಾಲದ ಆರಂಭದಲ್ಲೇ ಬಡ್ಡಿ ಶೇ 9.5 ಆದರೆ, ಅದೇ 34,713 ಕಟ್ಟುತ್ತಾ ಸಾಲ ತೀರಲು ಸುಮಾರು 25 ವರ್ಷ 9 ತಿಂಗಳು ಬೇಕು. ಶೇ 10.5 ಆದರೆ ತಿಂಗಳ ಬಡ್ಡಿಯೇ 35,000. ಕಂತು ಬಡ್ಡಿಗೂ ಸಾಲದೆ ಅಸಲು ಬೆಳೆಯತೊಡಗುತ್ತದೆ. ಹೀಗಾಗದಂತೆ ನೋಡಿಕೊಳ್ಳಬೇಕೆಂದು, ಕಂತು ಏರಿಸುವುದೋ ಅವಧಿ ಹಿಗ್ಗಿಸುವುದೋ ಎರಡೂ ಮಾಡುವುದೋ ಎಂಬ ಆಯ್ಕೆಯನ್ನು ಸಾಲಗಾರರಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಸೂಚಿಸಿದೆ. ಅಂದರೆ ಬಡ್ಡಿ ಬಹಳ ಏರಿದರೆ ಕಂತು ಏರಲೇಬೇಕು. ಆರಂಭದಲ್ಲೇ 30 ವರ್ಷ ತೆಗೆದುಕೊಂಡವರಿಗೆ ಹಿಗ್ಗಿಸಲು ಜಾಗವೂ ಉಳಿದಿರುವುದಿಲ್ಲ.

ಈ ದಂಪತಿಗೆ ದಾರಿ ಇರುವುದು B3 ಚೌಕದಲ್ಲಿ. ಕಾರಿನ ಸಾಲ ತೀರಿಸಿ ಅಲ್ಲಿ ಸೊನ್ನೆ ಹಾಕಿದರೆ ಪ್ರತಿ ಚೌಕದಿಂದಲೂ ಸುಮಾರು 9 ಅಂಶ ಇಳಿಯುತ್ತದೆ; ಅವಧಿಯನ್ನು 20ರಿಂದ 30 ವರ್ಷಕ್ಕೆ ಎಳೆದಾಗ ಇಳಿದದ್ದು ನಾಲ್ಕು ಚಿಲ್ಲರೆ ಮಾತ್ರ. ಶೇ 10.5ರ ಸಾಲಿನಲ್ಲೂ 20 ವರ್ಷದ ಚೌಕ 44.4ಕ್ಕೆ ಬಂದು ಮಿತಿಯೊಳಗೆ ನಿಲ್ಲುತ್ತದೆ. ಕಾರಿನ ಸಾಲ ಈಗಲೇ ತೀರಿಸಲಾಗದಿದ್ದರೆ ಅದೇ ಚೌಕ ಶೇ 45ಕ್ಕೆ ಇಳಿಯುವವರೆಗೆ B1ರ ಮೊತ್ತ ಕಡಿಮೆ ಮಾಡಬೇಕು. ಉತ್ತರ ಸುಮಾರು 32.5 ಲಕ್ಷ. ಬ್ಯಾಂಕು ಎಷ್ಟೇ ಮಂಜೂರು ಮಾಡಲಿ, ಅವರು ಹೊರಬಲ್ಲ ಸಾಲ ಅಷ್ಟೇ.